ಡ್ರಾಯಿಂಗ್ ಒಪ್ಪಿಗೆ ತಡವಾಯಿತೇ? ಕ್ಲೈಂಟ್‌ಗೆ ನೋಟಿಸ್ ಬರೆಯುವ ಬಗೆ

ಕಟ್ಟಡ ಗುತ್ತಿಗೆಯಲ್ಲಿ ಪದೇ ಪದೇ ನಡೆಯುವ ಸಂಗತಿ ಇದು. ಗುತ್ತಿಗೆದಾರರು ಡ್ರಾಯಿಂಗ್ ಕಳಿಸಿರುತ್ತಾರೆ. ಹತ್ತು ದಿನದಲ್ಲಿ ನೋಡಿ ಹಿಂತಿರುಗಿಸಬೇಕಾದ ಕ್ಲೈಂಟ್ ಕಡೆಯ ಕನ್ಸಲ್ಟೆಂಟ್ ಮೂರು ವಾರ ಇಟ್ಟುಕೊಳ್ಳುತ್ತಾರೆ. ಫೋನ್ ಮಾಡಿದರೆ "ನಾಳೆ ಕಳಿಸ್ತೀವಿ ಸರ್" ಎಂಬ ಉತ್ತರ. ಸಂಬಂಧ ಕೆಡಬಾರದೆಂದು ಯಾರೂ ಪತ್ರ ಬರೆಯುವುದಿಲ್ಲ. ಕೆಲಸ ಮುಗಿಯುವುದು ತಡವಾಗಿ ಕೊನೆಯ ಬಿಲ್ಲಿನಲ್ಲಿ ಎಲ್‌ಡಿ ಕಡಿತವಾದಾಗ ಹಳೆಯ ವಾಟ್ಸ್ಆ್ಯಪ್ ಸಂದೇಶಗಳ ಹುಡುಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಕರಾರು ಕೊಟ್ಟಿದ್ದ ಗಡುವು ಮುಗಿದು ತಿಂಗಳುಗಳೇ ಆಗಿರುತ್ತವೆ.

ಈ ನೋಟಿಸ್ ಬರೆಯುವುದು ಕಷ್ಟದ ಕೆಲಸವಲ್ಲ. ಯಾವಾಗ ಬರೆಯಬೇಕು, ಅದರಲ್ಲಿ ಎಷ್ಟು ದಿನ ಕೇಳಬೇಕು ಎಂಬ ಎರಡು ವಿಷಯಗಳಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ಒಂದು ಉದಾಹರಣೆ ಇಟ್ಟುಕೊಂಡು ಎರಡನ್ನೂ ನೋಡೋಣ.

ಉದಾಹರಣೆ: ಒಂದು ಗೋದಾಮು

ಕೈಗಾರಿಕಾ ಪ್ರದೇಶವೊಂದರಲ್ಲಿ ಉಕ್ಕಿನ ಚೌಕಟ್ಟಿನ ಗೋದಾಮು ಕಟ್ಟಬೇಕು. ಕಾಂಕ್ರೀಟ್ ಅಡಿಪಾಯದಿಂದ ಮೇಲೇಳುವ ಪೆಡೆಸ್ಟಲ್‌ಗಳಲ್ಲಿ ಆಂಕರ್ ಬೋಲ್ಟ್‌ಗಳನ್ನು ಹೂತು, ಕಾರ್ಖಾನೆಯಲ್ಲಿ ತಯಾರಾಗಿ ಬಂದ ಉಕ್ಕಿನ ಕಂಬಗಳನ್ನು ಅವುಗಳ ಮೇಲೆ ನಿಲ್ಲಿಸುತ್ತಾರೆ. ಬೋಲ್ಟ್ ಎಲ್ಲಿ ಬರಬೇಕು, ಎಷ್ಟು ದಪ್ಪ, ಎಷ್ಟು ಆಳ ಎಂದು ತೋರಿಸುವ ಆಂಕರ್ ಬೋಲ್ಟ್ ಡ್ರಾಯಿಂಗ್ ತಯಾರಿಸುವುದು ಗುತ್ತಿಗೆದಾರರು. ಅದಕ್ಕೆ ಒಪ್ಪಿಗೆ ಕೊಡುವುದು ಕ್ಲೈಂಟ್‌ನ ಸ್ಟ್ರಕ್ಚರಲ್ ಕನ್ಸಲ್ಟೆಂಟ್. ಬೋಲ್ಟ್ ಕೆಲವು ಮಿಲಿಮೀಟರ್ ಆಚೀಚೆ ಆದರೂ ಕಂಬದ ಬೇಸ್ ಪ್ಲೇಟ್ ಕೂರುವುದಿಲ್ಲ. ಆದ್ದರಿಂದ ಒಪ್ಪಿಗೆ ಇಲ್ಲದೆ ಪೆಡೆಸ್ಟಲ್ ಕಾಂಕ್ರೀಟ್ ಹಾಕುವ ಧೈರ್ಯ ಯಾರೂ ಮಾಡುವುದಿಲ್ಲ, ಮಾಡಲೂಬಾರದು.

ಡ್ರಾಯಿಂಗ್ ಸಲ್ಲಿಸಿದ 10 ದಿನದೊಳಗೆ ಒಪ್ಪಿಗೆ ಅಥವಾ ಟಿಪ್ಪಣಿ ಬರಬೇಕು ಎಂಬುದು ನಮ್ಮ ಉದಾಹರಣೆಯ ಕರಾರು. ಇಲ್ಲಿನ ಲೆಕ್ಕವೆಲ್ಲ ಕ್ಯಾಲೆಂಡರ್ ದಿನಗಳದ್ದು, ಭಾನುವಾರ, ಹಬ್ಬಗಳೂ ಸೇರಿದಂತೆ. ನಿಮ್ಮ ಕರಾರಿನಲ್ಲಿ ಕೆಲಸದ ದಿನಗಳು ಎಂದಿದ್ದರೆ ಲೆಕ್ಕ ಬೇರೆಯಾಗುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.

ಗುತ್ತಿಗೆದಾರರು ಪ್ರೋಗ್ರಾಂನಲ್ಲಿ ಹೇಳಿದ ದಿನವೇ, ಅಂದರೆ ಫೆಬ್ರವರಿ 3ರಂದು, ಡ್ರಾಯಿಂಗ್ ಸಲ್ಲಿಸಿದರು. ಅದು ಫೆಬ್ರವರಿ 13ಕ್ಕೆ ಮರಳಬೇಕಿತ್ತು, ಬಂದದ್ದು 24ಕ್ಕೆ, ಅದೂ ಟಿಪ್ಪಣಿಗಳೊಂದಿಗೆ. ಅವುಗಳಲ್ಲಿ ಒಂದು ನ್ಯಾಯವಾದದ್ದು: ಒಂದು ಗ್ರಿಡ್ ಸಾಲಿನಲ್ಲಿ ಬೋಲ್ಟ್‌ಗಳ ನಡುವಿನ ಅಂತರವನ್ನು ಗುತ್ತಿಗೆದಾರರ ಡ್ರಾಫ್ಟ್ಸ್‌ಮನ್ ತಪ್ಪಾಗಿ ಬರೆದಿದ್ದರು. ತಿದ್ದಿದ ಪ್ರತಿ 27ರಂದು ಹೋಯಿತು. ಅದಕ್ಕೆ ಮಾರ್ಚ್ 9ರೊಳಗೆ ಉತ್ತರ ಬರಬೇಕಿತ್ತು, ಒಪ್ಪಿಗೆ ಸಿಕ್ಕಿದ್ದು ಮಾರ್ಚ್ 20ಕ್ಕೆ.

ನೋಟಿಸ್ ಬರೆಯುವ ದಿನ

ಬಹಳಷ್ಟು ಜನ ಇಲ್ಲಿ ಮಾಡುವುದು ಒಂದೇ: ಒಪ್ಪಿಗೆ ಬರಲಿ, ಒಟ್ಟು ಎಷ್ಟು ದಿನ ತಡ ಎಂದು ಗೊತ್ತಾಗಲಿ, ಆಮೇಲೆ ಒಂದೇ ಪತ್ರದಲ್ಲಿ ಬರೆಯೋಣ ಎಂದು ಕಾಯುವುದು. ಕೇಳಲು ಸರಿಯೆನಿಸುತ್ತದೆ, ಆದರೆ ಹಕ್ಕು ಕೈತಪ್ಪುವುದು ಅಲ್ಲೇ. ಕರಾರಿನ ಗಡಿಯಾರ ಓಡತೊಡಗುವುದು ತಡ ಮುಗಿದ ದಿನದಿಂದಲ್ಲ, ತಡ ಆರಂಭವಾದ ದಿನದಿಂದ. ನಮ್ಮ ಉದಾಹರಣೆಯಲ್ಲಿ ಅದು ಫೆಬ್ರವರಿ 14.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಕರಾರು ಷರತ್ತುಗಳಲ್ಲಿ 5ನೇ ಕಲಮು ಅವಧಿ ವಿಸ್ತರಣೆಯದ್ದು. ಅಡಚಣೆ ಉಂಟಾದ 14 ದಿನದೊಳಗೆ ಗುತ್ತಿಗೆದಾರರು ನಿಗದಿತ ನಮೂನೆಯಲ್ಲಿ ಅರ್ಜಿ ಕೊಡಬೇಕೆಂಬ ನಿಯಮವನ್ನು ಅಲ್ಲಿ ಕಾಣಬಹುದು. ಈ ಲೆಕ್ಕದಲ್ಲಿ ಕೊನೆಯ ದಿನ ಫೆಬ್ರವರಿ 28. ದೊಡ್ಡ ಖಾಸಗಿ ಕೆಲಸಗಳಲ್ಲೂ ವಿದೇಶಿ ಸಾಲದ ಕಾಮಗಾರಿಗಳಲ್ಲೂ ಬಳಕೆಯಲ್ಲಿರುವ ಫಿಡಿಕ್ ಕರಾರಿನ 1999ರ ಕೆಂಪು ಪುಸ್ತಕದಲ್ಲಿ 20.1ನೇ ಕಲಮು 28 ದಿನ ಕೊಡುತ್ತದೆ. ಅದರಂತೆ ಮಾರ್ಚ್ 14ರವರೆಗೆ ಸಮಯವಿದೆ. ಆ ದಿನ ದಾಟಿದರೆ ಅವಧಿ ವಿಸ್ತರಣೆಯೂ ಇಲ್ಲ, ಹೆಚ್ಚುವರಿ ಹಣವೂ ಇಲ್ಲ ಎಂದು ಆ ಕಲಮು ನೇರವಾಗಿಯೇ ಹೇಳುತ್ತದೆ. ಮಾರ್ಚ್ 20ರ ಒಪ್ಪಿಗೆ ಬರಲಿ ಎಂದು ಕಾದವರು ಎರಡೂ ಗಡುವುಗಳನ್ನು ಕಳೆದುಕೊಂಡಿರುತ್ತಾರೆ. ಇಂಥ ಗಡುವು ಭಾರತೀಯ ಕರಾರು ಕಾಯ್ದೆಯ 28ನೇ ಸೆಕ್ಷನ್ ಎದುರು ನಿಲ್ಲುತ್ತದೆಯೇ ಎಂಬ ವಾದ ವಕೀಲರ ನಡುವೆ ಇದೆ. ಆದರೆ ಎರಡು ಪುಟದ ಪತ್ರದಿಂದ ಮುಗಿಯುವುದನ್ನು ನ್ಯಾಯಾಲಯದ ವಾದಕ್ಕೆ ಬಿಡುವುದು ಜಾಣತನವಲ್ಲ.

ಆದ್ದರಿಂದ ಒಪ್ಪಿಗೆಯ ಗಡುವು ದಾಟಿದ ಮರುದಿನ, ಹೆಚ್ಚೆಂದರೆ ಅದರ ಮಾರನೆಯ ದಿನ ಮೊದಲ ನೋಟಿಸ್ ಹೋಗಬೇಕು. ಎಷ್ಟು ದಿನ ತಡವಾಗುತ್ತದೆ ಎಂದು ಅದರಲ್ಲಿ ಹೇಳಬೇಕಾಗಿಲ್ಲ, ಹೇಳಲು ಸಾಧ್ಯವೂ ಇಲ್ಲ. ತಡ ಶುರುವಾಗಿದೆ, ಇನ್ನೂ ನಡೆಯುತ್ತಿದೆ, ಪರಿಣಾಮದ ಲೆಕ್ಕ ಹಿಂದೆಯೇ ಬರುತ್ತದೆ ಎಂದರೆ ಸಾಕು.

ಬರೆಯುವ ಮುನ್ನ ಮೂರು ಕಾಗದಗಳನ್ನು ಮೇಜಿನ ಮೇಲಿಟ್ಟುಕೊಳ್ಳಿ. ಮೊದಲನೆಯದು ಕ್ಲೈಂಟ್ ಒಪ್ಪಿ ಸಹಿ ಹಾಕಿದ ಪ್ರೋಗ್ರಾಂ. ಎರಡನೆಯದು ಡ್ರಾಯಿಂಗ್ ಕಳಿಸಿದ ಟ್ರಾನ್ಸ್‌ಮಿಟಲ್, ಅದರ ಮೇಲೆ ಸ್ವೀಕರಿಸಿದವರ ಸಹಿ ಮತ್ತು ದಿನಾಂಕ ಇರಬೇಕು. ಇಮೇಲ್‌ನಲ್ಲಿ ಕಳಿಸಿದ್ದರೆ ಆ ಇಮೇಲ್‌ನ ಮುದ್ರಿತ ಪ್ರತಿ ಸಾಕು. ಮೂರನೆಯದು ಕರಾರಿನ ನೋಟಿಸ್ ಕಲಮು: ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಯಾವ ಭಾಷೆಯಲ್ಲಿ, ಇಮೇಲ್ ಸಾಕೇ ಅಥವಾ ರಿಜಿಸ್ಟರ್ಡ್ ಅಂಚೆ ಬೇಕೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಡ್ರಾಯಿಂಗ್ ಸಲ್ಲಿಸುವುದು ಕನ್ಸಲ್ಟೆಂಟ್‌ಗೆ ಎಂಬ ಕಾರಣಕ್ಕೆ ನೋಟಿಸನ್ನೂ ಅವರಿಗೆ ಮಾತ್ರ ಕಳಿಸಿ ಸುಮ್ಮನಾಗುವವರು ಅನೇಕರು. ನೋಟಿಸ್ ಹೋಗಬೇಕಾದದ್ದು ಕರಾರು ಹೆಸರಿಸಿದ ವ್ಯಕ್ತಿಗೆ, ಕನ್ಸಲ್ಟೆಂಟ್‌ಗೆ ಅದರ ಪ್ರತಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನಿಮ್ಮ ಡ್ರಾಯಿಂಗ್ ಪ್ರೋಗ್ರಾಂನಲ್ಲಿ ಹೇಳಿದ ದಿನಕ್ಕೇ ಹೋಗಿತ್ತೇ? ತಾವೇ ಒಂದು ವಾರ ತಡವಾಗಿ ಕಳಿಸಿ ಒಪ್ಪಿಗೆ ತಡವಾಯಿತೆಂದು ಬರೆದರೆ ಆ ಪತ್ರ ತಿರುಗಿ ನಿಮ್ಮ ಮೇಲೇ ಬರುತ್ತದೆ. ಅರವತ್ತು ಡ್ರಾಯಿಂಗ್‌ಗಳನ್ನು ಒಂದೇ ದಿನ ತಂದು ಸುರಿದು ಹತ್ತು ದಿನದಲ್ಲಿ ಉತ್ತರ ಕೇಳುವುದೂ ಹಾಗೆಯೇ, ಕನ್ಸಲ್ಟೆಂಟ್ ಅದನ್ನೇ ಮೊದಲು ಎತ್ತಿ ತೋರಿಸುತ್ತಾರೆ.

ಮೊದಲ ನೋಟಿಸ್ ಹೀಗಿರಬಹುದು

ಕರಾರಿನ ಸಂವಹನ ಭಾಷೆ ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷ್‌ನಲ್ಲೇ ಬರೆಯಿರಿ, ವಿಷಯ ಮಾತ್ರ ಇದೇ ಇರಲಿ.

*ದಿನಾಂಕ: ಫೆಬ್ರವರಿ 15*

*ವಿಷಯ: ಆಂಕರ್ ಬೋಲ್ಟ್ ಡ್ರಾಯಿಂಗ್ ಒಪ್ಪಿಗೆಯಲ್ಲಿ ವಿಳಂಬ – ಕರಾರಿನ ಕಲಮು ಸಂಖ್ಯೆ … ರ ಪ್ರಕಾರ ನೋಟಿಸ್*

*ಮಾನ್ಯರೇ,*

*ಆಂಕರ್ ಬೋಲ್ಟ್ ಡ್ರಾಯಿಂಗ್ ಸಂಖ್ಯೆ …, ರಿವಿಷನ್ 0 ಅನ್ನು ಫೆಬ್ರವರಿ 3ರಂದು ತಮ್ಮ ಕನ್ಸಲ್ಟೆಂಟ್‌ಗೆ ಸಲ್ಲಿಸಿದ್ದೇವೆ. ಕರಾರಿನ ಪ್ರಕಾರ ಫೆಬ್ರವರಿ 13ರೊಳಗೆ ಒಪ್ಪಿಗೆ ಅಥವಾ ಟಿಪ್ಪಣಿ ಬರಬೇಕಿತ್ತು. ಈ ಪತ್ರ ಬರೆಯುವವರೆಗೆ ಬಂದಿಲ್ಲ.*

*ಒಪ್ಪಿತ ಪ್ರೋಗ್ರಾಂನಂತೆ ಈ ಒಪ್ಪಿಗೆಯ ನಂತರ ಫುಟಿಂಗ್ ಮತ್ತು ಪೆಡೆಸ್ಟಲ್ ಕೆಲಸ, ಅದರ ನಂತರ ಏಪ್ರಿಲ್ 11ರಿಂದ ಉಕ್ಕಿನ ಚೌಕಟ್ಟಿನ ಎರೆಕ್ಷನ್ ನಡೆಯಬೇಕಿದೆ. ಅಡಿಪಾಯದ ಕೆಲಸದಲ್ಲಿ 10 ದಿನಗಳ ಫ್ಲೋಟ್ ಇದೆ. ಫೆಬ್ರವರಿ 23ರ ನಂತರ ಒಪ್ಪಿಗೆ ತಡವಾದ ಪ್ರತಿದಿನವೂ ಎರೆಕ್ಷನ್ ಆರಂಭವನ್ನು ಮತ್ತು ಪೂರ್ಣಗೊಳಿಸುವ ದಿನಾಂಕವನ್ನು ಮುಂದೂಡುತ್ತದೆ.*

*ಈ ನಡುವೆ ಗುಂಡಿ ಅಗೆತ ಮತ್ತು ಕಂಬಿ ತರಿಸುವ ಕೆಲಸ ಮುಂದುವರಿಸಿದ್ದೇವೆ.*

*ಡ್ರಾಯಿಂಗನ್ನು ಫೆಬ್ರವರಿ 20ರೊಳಗೆ ಹಿಂತಿರುಗಿಸುವಂತೆ ಕೋರುತ್ತೇವೆ. ವಿಳಂಬ ಮುಂದುವರಿದಿರುವುದರಿಂದ ಅವಧಿ ವಿಸ್ತರಣೆ ಮತ್ತು ಹೆಚ್ಚುವರಿ ವೆಚ್ಚ ಕೇಳುವ ನಮ್ಮ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ. ವಿವರವಾದ ಲೆಕ್ಕವನ್ನು ಒಪ್ಪಿಗೆ ಬಂದ ನಂತರ ಸಲ್ಲಿಸುತ್ತೇವೆ.*

ಈ ಪತ್ರದಲ್ಲಿ ಯಾರನ್ನೂ ದೂರಿಲ್ಲ. ಕನ್ಸಲ್ಟೆಂಟ್ ಬೇಜವಾಬ್ದಾರಿ ತೋರಿದ್ದಾರೆ ಎಂಬಂಥ ಒಂದೇ ವಾಕ್ಯ ಸೇರಿದರೂ ಕ್ಲೈಂಟ್ ಆ ವಾಕ್ಯಕ್ಕೆ ಉತ್ತರ ಬರೆಯುತ್ತಾರೆ, ಡ್ರಾಯಿಂಗ್‌ನ ವಿಷಯ ಹಿಂದೆ ಸರಿಯುತ್ತದೆ. ಫ್ಲೋಟ್ ಇದೆ ಎಂದು ನಾವೇ ಏಕೆ ಹೇಳಬೇಕು ಎಂದು ಕೆಲವರು ಕೇಳುತ್ತಾರೆ. ಪ್ರೋಗ್ರಾಂ ಅವರ ಕೈಯಲ್ಲೂ ಇದೆ, ಫ್ಲೋಟ್ ಅದರಲ್ಲಿ ಕಾಣುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಂದಿನ ಪತ್ರಗಳನ್ನೂ ಅನುಮಾನದಿಂದಲೇ ಓದುತ್ತಾರೆ. ಅದಕ್ಕಿಂತ ಹೆಚ್ಚಾಗಿ, 23ನೇ ತಾರೀಕು ಎಂಬ ನಿರ್ದಿಷ್ಟ ದಿನ ಕೊಟ್ಟರೆ ಕ್ಲೈಂಟ್‌ಗೂ ತಮ್ಮ ಕನ್ಸಲ್ಟೆಂಟನ್ನು ಅವಸರಿಸಲು ಒಂದು ಕಾರಣ ಸಿಗುತ್ತದೆ. ನೋಟಿಸ್‌ನಿಂದ ಡ್ರಾಯಿಂಗ್ ಬೇಗ ಬಂದರೆ ಎಲ್ಲರಿಗೂ ಅದೇ ಒಳ್ಳೆಯದು.

ಸೈಟಿನಲ್ಲಿ ಅಡಚಣೆ ರಿಜಿಸ್ಟರ್ ಇದ್ದರೆ ಅದೇ ದಿನ ಅದರಲ್ಲೂ ದಾಖಲಿಸಿ ಇಂಜಿನಿಯರ್ ಸಹಿ ಪಡೆಯಿರಿ. ಅವರು ಸಹಿ ಹಾಕದಿದ್ದರೆ ರಿಜಿಸ್ಟರ್ ಪುಟದ ಫೋಟೊ ಜೊತೆಗೆ ಆ ವಿಷಯವನ್ನು ಪತ್ರದಲ್ಲಿ ತಿಳಿಸಿ. ವಾರದ ಸಭೆಯ ನಡಾವಳಿ ಬಂದಾಗಲೂ ಎಚ್ಚರ ಬೇಕು. "ಗುತ್ತಿಗೆದಾರರು ತಡವನ್ನು ಸರಿದೂಗಿಸಿಕೊಳ್ಳುತ್ತಾರೆ" ಎಂಬ ಸಾಲು ಸದ್ದಿಲ್ಲದೆ ಸೇರಿರುವುದುಂಟು. ಮೌನವಾಗಿದ್ದರೆ ಅದನ್ನು ಒಪ್ಪಿದಂತೆಯೇ ಆಗುತ್ತದೆ. ಎರಡು ದಿನದೊಳಗೆ ಬರಹದಲ್ಲಿ ಆಕ್ಷೇಪಿಸಿ.

35 ದಿನದ ಒಳಗೆ ಏನೇನಿದೆ

ಈಗ ಲೆಕ್ಕದ ಭಾಗ. ಒಪ್ಪಿಗೆ ಫೆಬ್ರವರಿ 13ರ ಬದಲು ಮಾರ್ಚ್ 20ಕ್ಕೆ ಬಂತು, ಒಟ್ಟು 35 ದಿನ ತಡ. ಹಾಗೆಂದು 35 ದಿನ ವಿಸ್ತರಣೆ ಕೊಡಿ ಎಂದು ಬರೆದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ.

ಆ 35 ದಿನವನ್ನು ಬಿಡಿಸಿ ನೋಡಿ. ಫೆಬ್ರವರಿ 13ರಿಂದ 24ರವರೆಗಿನ 11 ದಿನ ಕನ್ಸಲ್ಟೆಂಟ್ ತಡ ಮಾಡಿದ್ದು. 24ರಿಂದ 27ರವರೆಗಿನ 3 ದಿನ ಗುತ್ತಿಗೆದಾರರು ತಿದ್ದಲು ತೆಗೆದುಕೊಂಡದ್ದು. ಅಲ್ಲಿಂದ ಮಾರ್ಚ್ 9ರವರೆಗಿನ 10 ದಿನ ಕರಾರಿನಂತೆ ಪರಿಶೀಲನೆಗೆ ಸಲ್ಲುವ ಸಮಯ. 9ರಿಂದ 20ರವರೆಗಿನ 11 ದಿನ ಮತ್ತೆ ಕನ್ಸಲ್ಟೆಂಟ್‌ನದು. ಬೋಲ್ಟ್ ಅಂತರದ ತಪ್ಪು ಇಲ್ಲದಿದ್ದರೆ ಎರಡನೆಯ ಸುತ್ತೇ ಬೇಕಿರಲಿಲ್ಲ. ಆದ್ದರಿಂದ ನಡುವಿನ 3 ಮತ್ತು 10, ಒಟ್ಟು 13 ದಿನ ಗುತ್ತಿಗೆದಾರರ ಖಾತೆಗೆ ಹೋಗುತ್ತದೆ. ಕ್ಲೈಂಟ್ ಕಡೆಯದು 22 ದಿನ. ಟಿಪ್ಪಣಿಯಲ್ಲಿ ತಪ್ಪಿನ ಬದಲು ಹೊಸ ಬೇಡಿಕೆ ಇದ್ದಿದ್ದರೆ, ಉದಾಹರಣೆಗೆ ಕ್ರೇನ್ ಸಾಮರ್ಥ್ಯ 5 ಟನ್‌ನಿಂದ 10 ಟನ್‌ಗೆ ಏರಿದ್ದರೆ, ಆ 13 ದಿನವೂ ಕ್ಲೈಂಟ್ ಖಾತೆಗೇ ಸೇರುತ್ತಿತ್ತು. ಅದಕ್ಕಾಗಿ ಪ್ರತಿಯೊಂದು ಟಿಪ್ಪಣಿಯ ಎದುರೂ ಇದು ನಮ್ಮ ತಪ್ಪೋ, ಅವರ ಬದಲಾವಣೆಯೋ ಎಂದು ಬಂದ ದಿನವೇ ಬರೆದಿಟ್ಟುಕೊಳ್ಳಬೇಕು. ತಿಂಗಳ ನಂತರ ಅದು ನೆನಪಿರುವುದಿಲ್ಲ.

ಹಾಗಾದರೆ 22 ದಿನ ಕೇಳಬಹುದೇ? ಅದೂ ಅಲ್ಲ. ಇನ್ನು ಪ್ರೋಗ್ರಾಂ ತೆರೆಯಬೇಕು.

ಪ್ರೋಗ್ರಾಂ ಮೇಲೆ ಪರಿಣಾಮ

ಗೋದಾಮಿನ ಪ್ರೋಗ್ರಾಂನಲ್ಲಿ ಎರಡು ಸಾಲು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು ಸೈಟಿನಲ್ಲಿ, ಇನ್ನೊಂದು ಕಾರ್ಖಾನೆಯಲ್ಲಿ. ಬೋಲ್ಟ್ ಡ್ರಾಯಿಂಗ್ ಒಪ್ಪಿಗೆಯ ನಂತರ ಫುಟಿಂಗ್, ಪೆಡೆಸ್ಟಲ್‌ಗಳಿಗೆ 32 ದಿನ, ಕೊನೆಯ ಪೆಡೆಸ್ಟಲ್‌ನ ಕ್ಯೂರಿಂಗ್‌ಗೆ 14 ದಿನ, ಒಟ್ಟು 46. ಫೆಬ್ರವರಿ 13ರಿಂದ ಎಣಿಸಿದರೆ ಅಡಿಪಾಯ ಮಾರ್ಚ್ 31ಕ್ಕೆ ಸಿದ್ಧ. ಕಂಬ, ತೊಲೆಗಳ ಡ್ರಾಯಿಂಗ್‌ಗೆ ಸಕಾಲದಲ್ಲೇ ಒಪ್ಪಿಗೆ ಸಿಕ್ಕಿದೆ, ಅವು ಕಾರ್ಖಾನೆಯಿಂದ ಸೈಟಿಗೆ ಬಂದು ಇಳಿಯುವುದು ಏಪ್ರಿಲ್ 10ಕ್ಕೆ. ಎರಡೂ ಸೇರಿದಾಗ ಏಪ್ರಿಲ್ 11ರಿಂದ ಎರೆಕ್ಷನ್.

ಅಂದರೆ ಅಡಿಪಾಯ ಸಿದ್ಧವಾಗಿ 10 ದಿನ ಸುಮ್ಮನೆ ಉಕ್ಕಿಗಾಗಿ ಕಾಯುವ ಯೋಜನೆ ಇದು. ಅದೇ ಫ್ಲೋಟ್. ಒಪ್ಪಿಗೆ 10 ದಿನ ತಡವಾದರೂ ಎರೆಕ್ಷನ್ ಏಪ್ರಿಲ್ 11ಕ್ಕೇ ಶುರುವಾಗುತ್ತಿತ್ತು, ಗೋದಾಮು ಹೇಳಿದ ದಿನಕ್ಕೇ ಮುಗಿಯುತ್ತಿತ್ತು. ಮುಗಿಯುವ ದಿನ ಕದಲದಿದ್ದರೆ ಅವಧಿ ವಿಸ್ತರಣೆಯ ಪ್ರಶ್ನೆ ಬರುವುದಿಲ್ಲ. ಫ್ಲೋಟ್ ಯಾರ ಸ್ವತ್ತು ಎಂಬುದು ಹಳೆಯ ಜಗಳ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ತನ್ನ ವಿಳಂಬ ಮಾರ್ಗಸೂಚಿಯಲ್ಲಿ, ಕರಾರು ಬೇರೆ ಹೇಳದಿದ್ದರೆ ಫ್ಲೋಟ್ ಮುಗಿದ ಮೇಲಿನ ತಡಕ್ಕೆ ಮಾತ್ರ ವಿಸ್ತರಣೆ ಎಂಬ ನಿಲುವು ತಳೆದಿದೆ. ಪ್ರಾಯೋಗಿಕವಾಗಿ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಈಗ ನಡೆದ ಕ್ರಮದಲ್ಲೇ ಎಣಿಸಿ. ಕನ್ಸಲ್ಟೆಂಟ್‌ನ ಮೊದಲ 11 ದಿನದಲ್ಲಿ 10 ದಿನವನ್ನು ಫ್ಲೋಟ್ ನುಂಗಿತು, ಪೂರ್ಣಗೊಳ್ಳುವ ದಿನ ಕದಲಿದ್ದು 1 ದಿನ. ನಂತರ ಗುತ್ತಿಗೆದಾರರ 13 ದಿನ. ಕೊನೆಗೆ ಕನ್ಸಲ್ಟೆಂಟ್‌ನ 11 ದಿನ ಪೂರ್ತಿ. ಎಲ್ಲ ಸೇರಿ 25 ದಿನ. ಇದನ್ನು ಇನ್ನೊಂದು ಕಡೆಯಿಂದ ತಾಳೆ ನೋಡಬಹುದು: ಮಾರ್ಚ್ 20ಕ್ಕೆ 46 ದಿನ ಸೇರಿಸಿದರೆ ಅಡಿಪಾಯ ಮೇ 5ಕ್ಕೆ ಸಿದ್ಧ, ಎರೆಕ್ಷನ್ ಮೇ 6ಕ್ಕೆ. ಏಪ್ರಿಲ್ 11ರಿಂದ ಮೇ 6ಕ್ಕೆ 25 ದಿನ. ಲೆಕ್ಕ ಕೂಡಿತು. ಅದರಲ್ಲಿ ಕ್ಲೈಂಟ್ ಕಾರಣದ್ದು 1 ಮತ್ತು 11, ಒಟ್ಟು 12 ದಿನ.

ಕೇಳಬೇಕಾದದ್ದು ಈ 12 ದಿನ. 35 ಎಲ್ಲಿ, 12 ಎಲ್ಲಿ ಎಂದು ಬೇಸರಪಡುವವರಿದ್ದಾರೆ. ಆದರೆ ಈ 12ರ ಪ್ರತಿದಿನಕ್ಕೂ ಟ್ರಾನ್ಸ್‌ಮಿಟಲ್ ಇದೆ, ದಿನಾಂಕ ಇದೆ, ಪ್ರೋಗ್ರಾಂನಲ್ಲಿ ಜಾಗ ಇದೆ. ಅದನ್ನು ತಳ್ಳಿಹಾಕಲು ಕ್ಲೈಂಟ್‌ಗೆ ದಾರಿ ಸಿಗುವುದು ಕಷ್ಟ. ಉಬ್ಬಿಸಿದ 35ರಲ್ಲಿ ಒಂದು ತಪ್ಪು ಹಿಡಿದರೂ ಸಾಕು, ಉಳಿದದ್ದನ್ನು ನೋಡದೆ ಪಕ್ಕಕ್ಕಿಡುತ್ತಾರೆ. ಉಳಿದ 13 ದಿನವನ್ನು ಗುತ್ತಿಗೆದಾರರೇ ಹೊರಬೇಕು, ಹೆಚ್ಚುವರಿ ಗ್ಯಾಂಗ್ ಹಾಕಿಯೋ, ಪೆಡೆಸ್ಟಲ್‌ಗಳನ್ನು ಎರಡು ತುದಿಗಳಿಂದ ಒಟ್ಟಿಗೆ ಶುರುಮಾಡಿಯೋ ಆದಷ್ಟು ತುಂಬಿಕೊಳ್ಳಬೇಕು.

ಮಳೆಯ ವಿಷಯವನ್ನು ಈ ಹಂತದಲ್ಲೇ ಬರೆಯಬೇಕು. ಮೂಲ ಪ್ರೋಗ್ರಾಂನಲ್ಲಿ ಎರೆಕ್ಷನ್ ಮೇ 20ಕ್ಕೆ, ಛಾವಣಿಯ ಶೀಟ್ ಹಾಕುವುದು ಜೂನ್ 7ಕ್ಕೆ ಮುಗಿಯುತ್ತಿತ್ತು. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ರಾಜ್ಯಕ್ಕೆ ಕಾಲಿಡುತ್ತದೆ. 12 ದಿನ ಮುಂದೆ ಹೋದರೆ ಶೀಟ್ ಕೆಲಸದ ಬಹುಪಾಲು ಜೂನ್ 19ರವರೆಗಿನ ಮಳೆ, ಗಾಳಿಗೆ ಸಿಗುತ್ತದೆ. ಒದ್ದೆ ಛಾವಣಿಯ ಮೇಲೆ, ಬೀಸುವ ಗಾಳಿಯಲ್ಲಿ ಶೀಟ್ ಹಿಡಿದು ಯಾರನ್ನೂ ಹತ್ತಿಸುವಂತಿಲ್ಲ. ಮಳೆಗಾಲದ ಸಾಮಾನ್ಯ ಮಳೆಗೆ ಅನೇಕ ಕರಾರುಗಳು ವಿಸ್ತರಣೆ ಕೊಡುವುದಿಲ್ಲ. ಆದ್ದರಿಂದ ಮಳೆಯನ್ನು ಪ್ರತ್ಯೇಕ ಕಾರಣವಾಗಿ ಕೇಳದೆ, ಒಪ್ಪಿಗೆಯ ತಡದಿಂದ ಬೇಸಿಗೆಯ ಕೆಲಸ ಮಳೆಗಾಲಕ್ಕೆ ಜಾರಿದ ಪರಿಣಾಮ ಎಂದು ತೋರಿಸಬೇಕು. ಎಷ್ಟು ದಿನ ನಿಜವಾಗಿ ಕೆಲಸ ನಿಂತಿತು ಎಂಬುದನ್ನು ಸೈಟ್ ಡೈರಿಯಲ್ಲಿ ದಿನದಿನವೂ ದಾಖಲಿಸಿ ಆಮೇಲೆ ಸೇರಿಸಬಹುದು. ಮೊದಲ ಲೆಕ್ಕದಲ್ಲಿ ಇದರ ಪ್ರಸ್ತಾಪವೇ ಇಲ್ಲದಿದ್ದರೆ ಜೂನ್‌ನಲ್ಲಿ ಹೊಸದಾಗಿ ಎತ್ತುವುದು ಕಷ್ಟ.

ವಿವರವಾದ ಅರ್ಜಿ

ಒಪ್ಪಿಗೆ ಬಂದ ಕೂಡಲೇ ಎರಡನೆಯ ಪತ್ರ ಸಿದ್ಧಪಡಿಸಿ. ಫಿಡಿಕ್ 1999ರಲ್ಲಿ ಇದಕ್ಕೆ, ತಡ ಗಮನಕ್ಕೆ ಬಂದ ದಿನದಿಂದ 42 ದಿನ ಇದೆ, 2017ರ ಆವೃತ್ತಿಯಲ್ಲಿ 84 ದಿನ. ತಡ ಬಹಳ ಕಾಲ ಮುಂದುವರಿದರೆ ನಡುವೆ ತಿಂಗಳಿಗೊಂದು ಮಧ್ಯಂತರ ವಿವರ ಕೊಡಬೇಕಾಗುತ್ತದೆ. ಈ ಪತ್ರದಲ್ಲಿ ಮೇಲಿನ ದಿನಾಂಕಗಳ ಸರಪಳಿ, ಪ್ರತಿ ತುಂಡೂ ಯಾರ ಖಾತೆ ಎಂಬ ವಿವರ, ಮೂಲ ಪ್ರೋಗ್ರಾಂ, ತಿದ್ದಿದ ಪ್ರೋಗ್ರಾಂ ಇರಲಿ. ಎರಡು ಬಾರ್ ಚಾರ್ಟ್‌ಗಳನ್ನು ಒಂದರ ಕೆಳಗೊಂದು ಒಂದೇ ಹಾಳೆಯಲ್ಲಿ ಮುದ್ರಿಸಿದರೆ ಓದುವವರಿಗೆ ಎರೆಕ್ಷನ್ ಕದಲಿದ್ದು ಕಣ್ಣಿಗೇ ಕಾಣುತ್ತದೆ. ನಮ್ಮ 13 ದಿನವನ್ನೂ ಅದರಲ್ಲೇ ತೋರಿಸಿ.

ಹಣದ ಬೇಡಿಕೆಯನ್ನು ಬೇರೆ ಶೀರ್ಷಿಕೆಯಡಿ ಇಡಿ. ಸಮಯ ಸಿಕ್ಕಿತೆಂದ ಮಾತ್ರಕ್ಕೆ ಹಣ ಸಿಗಬೇಕೆಂದಿಲ್ಲ. ಕ್ಲೈಂಟ್ ಕಾರಣದ ತಡಕ್ಕೂ ಹಣವಿಲ್ಲ ಎನ್ನುವ ಕರಾರುಗಳಿವೆ. ಬಾಡಿಗೆ ಕ್ರೇನ್, ಸೈಟ್ ಸಿಬ್ಬಂದಿಯ ಸಂಬಳ ಇಂಥವುಗಳ ರಸೀದಿಗಳನ್ನು ಮಾತ್ರ ಜೋಡಿಸಿ. ಎರಡನ್ನೂ ಕಲಸಿದರೆ ಹಣದ ತಕರಾರಿನಲ್ಲಿ ದಿನಗಳೂ ಸಿಕ್ಕಿಕೊಳ್ಳುತ್ತವೆ.

ಉತ್ತರ ಬಂದಾಗ

ವಿಸ್ತರಣೆ ಪತ್ರದಲ್ಲಿ ಮೂರು ವಿಷಯ ನೋಡಿ. ಪೂರ್ಣಗೊಳಿಸುವ ಹೊಸ ದಿನಾಂಕ ಸ್ಪಷ್ಟವಾಗಿ ಬರೆದಿದೆಯೇ? ಆ 12 ದಿನಕ್ಕೆ ಎಲ್‌ಡಿ ಇಲ್ಲ ಎಂದಿದೆಯೇ, ಅಥವಾ ದಂಡ ವಿಧಿಸುವ ಹಕ್ಕು ಕಾಯ್ದಿರಿಸಿ ವಿಸ್ತರಣೆ ಎಂದಿದೆಯೇ? ಹೆಚ್ಚುವರಿ ಹಣ ಕೇಳುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಕೇಳಿದ್ದಾರೆಯೇ? ದಂಡದ ಹಕ್ಕು ಕಾಯ್ದಿರಿಸಿದ್ದರೆ ಅಥವಾ ಮುಚ್ಚಳಿಕೆ ಕೇಳಿದ್ದರೆ ಪತ್ರವನ್ನು ಫೈಲಿಗೆ ಸೇರಿಸಿ ಸುಮ್ಮನಾಗಬೇಡಿ, ಆಕ್ಷೇಪವನ್ನು ಆ ವಾರವೇ ಬರೆದು ಕಳಿಸಿ. ಉತ್ತರವೇ ಬಾರದಿದ್ದರೆ ಪ್ರತಿ ರನ್ನಿಂಗ್ ಬಿಲ್ಲಿನ ಜೊತೆ ಬಾಕಿ ಇರುವ ನೋಟಿಸ್‌ನ ದಿನಾಂಕವನ್ನು ಒಂದು ಸಾಲಿನಲ್ಲಿ ನೆನಪಿಸುತ್ತಾ ಹೋಗಿ, ತಿದ್ದಿದ ಪ್ರೋಗ್ರಾಂಗೆ ಒಪ್ಪಿಗೆ ಕೇಳುತ್ತಿರಿ. ಕೊನೆಯ ಬಿಲ್ಲಿಗೆ ಪೂರ್ಣ ಪಾವತಿ ಪಡೆದಿದ್ದೇನೆ, ಯಾವ ಬಾಕಿಯೂ ಇಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಈ 12 ದಿನದ ತೀರ್ಮಾನ ಬರಹದಲ್ಲಿ ಕೈಸೇರಿರಬೇಕು.